ಮೂರು ತಿಂಗಳ ನೋಟ್ಸ್ ಬರೆಸುವ ಮಾತು ಬರುವ ಮೊದಲೇ ಪತ್ರ ಕೊಡಿ

ಪ್ರಶ್ನೆ: ನಾವು ಡೊಂಬಿವಲಿಯವರು. ಮಗ 7ನೇ ತರಗತಿ, ರಾಜ್ಯ ಮಂಡಳಿಯ ಶಾಲೆ. ಆಗಸ್ಟ್‌ನಲ್ಲಿ ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆ ಎಂದು ಗೊತ್ತಾಯಿತು, ಅಂದಿನಿಂದ ಶಾಲೆಯಿಲ್ಲ. ದೀಪಾವಳಿ ರಜೆ ಮುಗಿದ ಮೇಲೆ ಕಳಿಸಬಹುದು ಎಂದಿದ್ದಾರೆ ಡಾಕ್ಟರು. ಸ್ಟಿರಾಯ್ಡ್ ಮಾತ್ರೆ ಇನ್ನೂ ನಡೆಯುತ್ತಿದೆ. ಪ್ರಿನ್ಸಿಪಾಲರಿಗೆ ಪತ್ರದಲ್ಲಿ ಏನು ಕೇಳಲಿ?

ಉತ್ತರ: ಬಹಳ ಪತ್ರಗಳು ಎಡವುವುದು ಒಂದೇ ಕಡೆ. ‘ದಯವಿಟ್ಟು ಸಹಕರಿಸಿ’ ಎಂದು ಬರೆದು ಮುಗಿಸುತ್ತಾರೆ. ಪ್ರಿನ್ಸಿಪಾಲರು ‘ಆಗಲಿ’ ಎನ್ನುತ್ತಾರೆ. ಮರುದಿನ ತರಗತಿಯಲ್ಲಿ ಟೀಚರು ಪಕ್ಕದ ಹುಡುಗನ ಎಂಟು ನೋಟ್‌ಬುಕ್ ಕೈಗಿಟ್ಟು, ‘ನಿಧಾನಕ್ಕೆ ಕಂಪ್ಲೀಟ್ ಮಾಡು’ ಅನ್ನುತ್ತಾರೆ. ಅವರದೂ ತಪ್ಪಲ್ಲ, ನೋಟ್‌ಬುಕ್ ತಪಾಸಣೆ ಅವರ ತಲೆಯ ಮೇಲೂ ಇದೆ. ಆದರೆ ಆಸ್ಪತ್ರೆಯಿಂದ ಬಂದ ಮಗು ರಾತ್ರಿ ಹತ್ತರವರೆಗೆ ಕೂತು ನಕಲು ಮಾಡಿದರೆ ಕಲಿಯುವುದು ಏನೂ ಇಲ್ಲ. ಆದ್ದರಿಂದ ಮೊದಲ ಬೇಡಿಕೆ ಇದೇ ಇರಲಿ: ಹಿಂದಿನ ನೋಟ್ಸ್ ಬರೆಸಬೇಡಿ, ಝೆರಾಕ್ಸ್ ಅಂಟಿಸಲು ಒಪ್ಪಿಗೆ ಕೊಡಿ.

ಇನ್ನು ಪಾಠ. ‘ತಪ್ಪಿದ್ದೆಲ್ಲ ಕಲಿಸಿ’ ಎಂದು ಕೇಳಿದರೆ ಯಾರಿಗೂ ಸಮಯವಿರುವುದಿಲ್ಲ. ಪುಸ್ತಕ ಬಿಚ್ಚಿಟ್ಟು, ಮುಂದಿನ ಪಾಠಕ್ಕೆ ಬೇಕಾದದ್ದನ್ನು ಮಾತ್ರ ಆರಿಸಿ. ನಿಮ್ಮ ಮಗನ ಗಣಿತ ನೋಡಿ: ಎರಡನೇ ಅವಧಿಯಲ್ಲಿ ಅನುಪಾತ, ಪೈಥಾಗೊರಸ್ ಪ್ರಮೇಯ, ಬೀಜಗಣಿತದ ಸೂತ್ರಗಳು ಬರುತ್ತವೆ. ಇವಕ್ಕೆ ಭಾಗಲಬ್ಧ ಸಂಖ್ಯೆ, ಘಾತಾಂಕ, ಬೀಜೋಕ್ತಿಗಳ ಲೆಕ್ಕ ಗೊತ್ತಿರಲೇಬೇಕು. ಸ್ತಂಭಾಲೇಖವನ್ನು ಬೇಸಿಗೆ ರಜೆಗೆ ಬಿಟ್ಟರೂ ನಡೆಯುತ್ತದೆ. ಹೀಗೆ ಮೂರೇ ಪಾಠ ಹೆಸರಿಸಿ ಕೇಳಿದರೆ ಗಣಿತದ ಟೀಚರು ವಾರಕ್ಕೆರಡು ಸಲ ಅರ್ಧ ಗಂಟೆ ಕೊಟ್ಟಾರು. ಇತಿಹಾಸ, ಭೂಗೋಳವನ್ನು ಮನೆಯಲ್ಲೇ ಓದಿಸಿ.

ಪತ್ರದ ನಡುಭಾಗ ಹೀಗಿರಲಿ:

‘ಮೊದಲ ಎರಡು ವಾರ ರಿಸೆಸ್‌ವರೆಗೆ ಮಾತ್ರ ಕಳಿಸುತ್ತೇವೆ. ಮೂರನೇ ವಾರದಿಂದ ಡಾಕ್ಟರ ಸಲಹೆಯಂತೆ ಪೂರ್ತಿ ದಿನ. ಆರು ವಾರಗಳ ಕಾಲ ಹೋಮ್‌ವರ್ಕ್ ಅರ್ಧದಷ್ಟಿರಲಿ. ತಪ್ಪಿದ ಯೂನಿಟ್ ಟೆಸ್ಟನ್ನು ಮತ್ತೆ ಬರೆಸುವ ಬದಲು, ಮೇಲೆ ಹೇಳಿದ ಮೂರು ಪಾಠಗಳನ್ನು ಬಾಯಿ ಪ್ರಶ್ನೆಯಲ್ಲಿ ನೋಡಬಹುದೇ? ಆರನೇ ವಾರದ ಕೊನೆಗೆ ನಾವು ಬಂದು ನಿಮ್ಮನ್ನು ಕಾಣುತ್ತೇವೆ.’

ಆ ಆರು ವಾರ ಎಂಬ ಗಡಿ ಬಿಡಬೇಡಿ. ಕೊನೆಯಿಲ್ಲದ ರಿಯಾಯಿತಿ ಎಂದರೆ ಯಾವ ಶಾಲೆಯೂ ಹಿಂಜರಿಯುತ್ತದೆ.

ಟೀಚರಿಗೆ ತಿಳಿದಿರಬೇಕಾದ್ದು ಬೇರೆ. ಡಿಸ್ಚಾರ್ಜ್ ಕಾಗದಗಳ ಕಟ್ಟು ಕೊಡಬೇಡಿ, ಅದು ಸ್ಟಾಫ್‌ರೂಮಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಡಾಕ್ಟರಿಂದ ಫಿಟ್‌ನೆಸ್ ಪತ್ರ ಸಾಕು, ಜೊತೆಗೆ ಅರ್ಧ ಪುಟ ನೀವು ಬರೆಯಿರಿ. ಇದು ಅಂಟುವ ಕಾಯಿಲೆಯಲ್ಲ. ಮುಖ ಊದಿರುವುದು, ಹಸಿವು, ಸಿಡುಕು ಮಾತ್ರೆಯಿಂದ ಬರಬಹುದು. ಉಪ್ಪು ಕಡಿಮೆ ತಿನ್ನಬೇಕಾದ್ದರಿಂದ ಕ್ಯಾಂಟೀನಿನ ವೇಫರ್ಸ್, ವಡಾಪಾವ್ ಬೇಡ, ಡಬ್ಬಿ ಮನೆಯದೇ. ಕೇಳಿದಾಗ ಬಾತ್‌ರೂಮಿಗೆ ಬಿಡಬೇಕು. ಕಣ್ಣಿನ ಸುತ್ತ ಊತ ಹೆಚ್ಚಾದರೆ, ಜ್ವರ ಅಥವಾ ಹೊಟ್ಟೆನೋವು ಬಂದರೆ ಸಂಜೆಯವರೆಗೆ ಕಾಯದೆ ನಿಮಗೆ ಫೋನ್ ಮಾಡಬೇಕು.

ಇವೆಲ್ಲದರ ಮೇಲೆ, ದಪ್ಪ ಅಕ್ಷರದಲ್ಲಿ ಒಂದು ಸಾಲು: ತರಗತಿಯಲ್ಲಾಗಲಿ ಸ್ಕೂಲ್ ವ್ಯಾನಿನಲ್ಲಾಗಲಿ ಯಾರಿಗಾದರೂ ಅಮ್ಮ, ಅಂದರೆ ಚಿಕನ್‌ಪಾಕ್ಸ್ ಬಂದರೆ ಅದೇ ದಿನ ತಿಳಿಸಿ. ಸ್ಟಿರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ಅದು ತೀವ್ರವಾಗಬಹುದು. ಸೋಂಕಿತರ ಸಂಪರ್ಕವಾದ ಕೂಡಲೇ ಡಾಕ್ಟರಿಗೆ ತಿಳಿದರೆ ತಡೆಯಲು ದಾರಿಯಿದೆ, ಗುಳ್ಳೆ ಎದ್ದ ಮೇಲೆ ಆ ಅವಕಾಶ ತಪ್ಪುತ್ತದೆ. ನಮ್ಮಲ್ಲಿ ಇಂಥ ಕಾಯಿಲೆಯನ್ನು ‘ದೇವಿ ಬಂದಿದ್ದಾಳೆ’ ಎಂದು ಒಳಗೊಳಗೇ ಇಟ್ಟುಕೊಳ್ಳುವ ಮನೆಗಳುಂಟು. ಹಾಗಾಗಿ ವ್ಯಾನ್ ಡ್ರೈವರಿಗೂ ಇದನ್ನು ಹೇಳಿಡಿ.

ಈ ಅರ್ಧ ಪುಟದ ಪ್ರತಿ ಕ್ಲಾಸ್ ಟೀಚರಿಗೆ, ಪಿ.ಟಿ. ಸರ್‌ಗೆ ಇಬ್ಬರಿಗೂ ಹೋಗಲಿ. ಬಹುಪಾಲು ಎಡವಟ್ಟಾಗುವುದು ಪಿ.ಟಿ. ಪೀರಿಯಡ್‌ನಲ್ಲಿ, ‘ಎರಡು ರೌಂಡ್ ಓಡು’ ಎಂದಾಗ. ಕ್ಲಾಸು ಮೇಲಿನ ಮಹಡಿಯಲ್ಲಿದ್ದರೆ ಲಿಫ್ಟ್ ಬಳಸಲು ಬಿಡಿ ಎಂದೂ ಕೇಳಿ.

ಪತ್ರ ಕೊಡುವ ಮುನ್ನ ಮಗನಿಗೆ ಓದಿ ತೋರಿಸಿ. 12 ವರ್ಷದ ಹುಡುಗ, ಊದಿದ ಮುಖ ಹೊತ್ತು ಒಳಗೆ ಹೋಗುವವನು ಅವನೇ. ‘ಕಿಡ್ನಿ’ ಅನ್ನುವ ಮಾತು ಗೆಳೆಯರಿಗೆ ಗೊತ್ತಾಗುವುದು ಬೇಡ ಎಂದರೆ, ಅದನ್ನೂ ಪತ್ರದಲ್ಲಿ ಬರೆಯಿರಿ.