ತೀರಿಕೊಂಡವರ ಫೇಸ್‌ಬುಕ್ ಖಾತೆ: ಉಳಿಸುವುದೋ, ತೆಗೆಸುವುದೋ?

ಪ್ರಶ್ನೆ: ನಮ್ಮ ತಂದೆಯವರು ತೀರಿಕೊಂಡು ಎರಡು ತಿಂಗಳಾಯಿತು. ಮೊನ್ನೆ ಅವರ ಹುಟ್ಟುಹಬ್ಬಕ್ಕೆ ಸುದ್ದಿ ತಿಳಿಯದ ಕೆಲವರು ಫೇಸ್‌ಬುಕ್‌ನಲ್ಲಿ ಶುಭಾಶಯ ಬರೆದದ್ದನ್ನು ನೋಡಿ ಅವ್ವ ಬಹಳ ಅತ್ತಳು. ಅಣ್ಣ ಖಾತೆ ತೆಗೆಸೋಣ ಎನ್ನುತ್ತಾನೆ, ನನಗೆ ಮನಸ್ಸಿಲ್ಲ. ಏನು ಮಾಡಬೇಕು, ಯಾವ ಕಾಗದಪತ್ರ ಬೇಕು?
— ಓದುಗರು, ಗದಗ

ಉತ್ತರ: ಮೊದಲು ಖಾತೆಯನ್ನು ಸ್ಮರಣಾರ್ಥ ಖಾತೆಯಾಗಿ ಮಾಡಿಸಿರಿ ಎಂಬುದು ನನ್ನ ಸಲಹೆ. ಸ್ಮರಣಾರ್ಥವಾದ ಖಾತೆಯನ್ನು ಮುಂದೆ ಬೇಕಾದಾಗ ತೆಗೆಸಬಹುದು, ಆದರೆ ತೆಗೆಸಿದ ಖಾತೆ ಫೋಟೊ ಮತ್ತು ಬರಹಗಳ ಸಮೇತ ಹೋದರೆ ತಿರುಗಿ ಬರುವುದಿಲ್ಲ. ಸ್ಮರಣಾರ್ಥವಾದ ಮೇಲೆ ತಂದೆಯವರ ಹೆಸರಿನ ಜೊತೆಗೆ Remembering ಎಂಬ ಪದ ಕಾಣಿಸುತ್ತದೆ, ಹುಟ್ಟುಹಬ್ಬದ ನೆನಪೋಲೆ ಯಾರಿಗೂ ಹೋಗುವುದಿಲ್ಲ. ನಿಮ್ಮ ತಾಯಿಯವರನ್ನು ನೋಯಿಸಿದ ಸಂಗತಿ ಅಷ್ಟಕ್ಕೇ ನಿಲ್ಲುತ್ತದೆ, ಹಳೆಯ ಫೋಟೊಗಳೂ ಉಳಿಯುತ್ತವೆ.

ಆದರೆ ಅರ್ಜಿ ಹಾಕುವ ಮುನ್ನ ಒಂದು ಸಂಗತಿಯನ್ನು ವಿಚಾರಿಸಿಕೊಳ್ಳಿ. ತಂದೆಯವರು ಅಂಗಡಿಯದೋ ಭಜನಾ ಮಂಡಳಿಯದೋ ಪೇಜ್ ನಡೆಸುತ್ತಿದ್ದು, ಅದಕ್ಕೆ ಅವರೊಬ್ಬರೇ ಅಡ್ಮಿನ್ ಆಗಿದ್ದರೆ, ಖಾತೆ ಸ್ಮರಣಾರ್ಥವಾದೊಡನೆ ಆ ಪೇಜನ್ನು ಫೇಸ್‌ಬುಕ್ ತೆಗೆದುಹಾಕುತ್ತದೆ. ಅದರಲ್ಲಿರುವ ಫೋಟೊ, ವಿಡಿಯೊಗಳನ್ನು ಮೊದಲೇ ನಿಮ್ಮ ಫೋನಿಗೆ ಇಳಿಸಿಕೊಳ್ಳಿ. ಸ್ಮರಣಾರ್ಥ ಖಾತೆಗೆ ಪಾಸ್‌ವರ್ಡ್ ಗೊತ್ತಿದ್ದವರೂ ಲಾಗಿನ್ ಆಗಲು ಬರುವುದಿಲ್ಲ. ತಂದೆಯವರು ಬದುಕಿದ್ದಾಗಲೇ ಯಾರನ್ನಾದರೂ Legacy Contact ಎಂದು ನೇಮಿಸಿದ್ದರೆ ಅವರು ಪ್ರೊಫೈಲ್ ಚಿತ್ರ ಬದಲಿಸಬಹುದು, ಖಾತೆ ತೆಗೆಸಲು ಕೇಳಬಹುದು. ಮೆಸೇಜುಗಳನ್ನು ಮಾತ್ರ ಅವರೂ ಓದಲಾರರು.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ಸ್ಮರಣಾರ್ಥ ಮಾಡಿಸಲು ನಿಧನವನ್ನು ತೋರಿಸುವ ಒಂದು ದಾಖಲೆ ಸಾಕು. ಮರಣ ಪ್ರಮಾಣಪತ್ರ ಇಲ್ಲವೇ ಪತ್ರಿಕೆಯ ನಿಧನ ವಾರ್ತೆ ನಡೆಯುತ್ತದೆ. ಫೇಸ್‌ಬುಕ್‌ನ ಸಹಾಯ ವಿಭಾಗದಲ್ಲಿರುವ Memorialization Request ಎಂಬ ಫಾರಂನಲ್ಲಿ ತಂದೆಯವರ ಪ್ರೊಫೈಲ್, ನಿಧನದ ದಿನಾಂಕ ಮತ್ತು ದಾಖಲೆಯ ಫೋಟೊ ಕೊಡಬೇಕು. ತೆಗೆಸುವುದಾದರೆ ಮರಣ ಪ್ರಮಾಣಪತ್ರವೇ ನೇರ ದಾರಿ. ಅದು ಇಲ್ಲದಿದ್ದರೆ, ಉಯಿಲಿನಂತಹ ಅಧಿಕಾರ ತೋರಿಸುವ ಪತ್ರವೊಂದನ್ನೂ ನಿಧನ ವಾರ್ತೆಯಂತಹ ಇನ್ನೊಂದನ್ನೂ ಸೇರಿಸಿ ಕೊಡಬೇಕಾಗುತ್ತದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಿರದಿದ್ದರೆ, ನಿಮ್ಮ ಊರಿನ ಜನನ-ಮರಣ ನೋಂದಣಿ ಕಚೇರಿಯಲ್ಲಿ ತಡವಾದ ನೋಂದಣಿಯನ್ನು ಮೊದಲು ಮುಗಿಸಿಕೊಳ್ಳಿ.

ಅರ್ಜಿ ತಡೆಯುವುದು ಹೆಚ್ಚಾಗಿ ಹೆಸರಿನಲ್ಲಿ. ಹುಬ್ಬಳ್ಳಿಯ ಒಂದು ಕುಟುಂಬ ನನ್ನ ಬಳಿ ಬಂದಿತ್ತು. ಫೇಸ್‌ಬುಕ್‌ನಲ್ಲಿ ಹಿರಿಯರ ಹೆಸರು ‘ಬಸಣ್ಣ ಮಾಸ್ತರ’ ಎಂದಿತ್ತು, ಪ್ರಮಾಣಪತ್ರದಲ್ಲಿ ಬಸವರಾಜ ಎಂಬ ಹೆಸರಿನೊಡನೆ ತಂದೆಯ ಹೆಸರು, ಅಡ್ಡಹೆಸರು ಎಲ್ಲವೂ ಇದ್ದವು, ಅರ್ಜಿ ತಿರುಗಿ ಬಂತು. ಎರಡೂ ಹೆಸರು ಮತ್ತು ಭಾವಚಿತ್ರ ಇದ್ದ ಪತ್ರಿಕೆಯ ನಿಧನ ವಾರ್ತೆಯನ್ನು ಪ್ರಮಾಣಪತ್ರದ ಜೊತೆಗಿಟ್ಟು ಮತ್ತೆ ಕಳಿಸಿದಾಗ ಕೆಲಸವಾಯಿತು. ಫೋಟೊ ತೆಗೆಯುವಾಗ ಪತ್ರದ ನಾಲ್ಕೂ ಅಂಚು ಕಾಣಲಿ, ಆಧಾರ್ ಸಂಖ್ಯೆ ಇದ್ದರೆ ಅದನ್ನು ಮುಚ್ಚಿರಿ, ಹೆಸರು ಮತ್ತು ದಿನಾಂಕಗಳನ್ನು ಮಾತ್ರ ಮುಚ್ಚಬೇಡಿ.

ಅಣ್ಣನವರು ಒಪ್ಪುವುದಾದರೆ ವರ್ಷಾಬ್ದಿಕದವರೆಗೆ ಹೀಗೆಯೇ ಬಿಡಿ. ಆಮೇಲೂ ತೆಗೆಸಬೇಕೆನಿಸಿದರೆ ಅದೇ ಮರಣ ಪ್ರಮಾಣಪತ್ರದಿಂದ ಅರ್ಜಿ ಹಾಕಬಹುದು.