ದಿನದ ಮಿತಿ ಮತ್ತು ವಿಫಲ ಪಾವತಿ

“ಖಾತೆಯಲ್ಲಿ ಬೇಕಾದಷ್ಟು ಹಣವಿದೆ. ಬೆಳಗ್ಗೆ ಪಾವತಿ ಆಯಿತು, ಸಂಜೆ ಮಾತ್ರ ಆಗುತ್ತಿಲ್ಲ. ಯಾಕೆ?”

ಬಹುಶಃ ಅಂದಿನ ವಹಿವಾಟಿನ ಮಿತಿಯನ್ನು ನಿಮ್ಮ ಪಾವತಿ ಮೀರುತ್ತಿದೆ. ಖಾತೆಯಲ್ಲಿ ಎಷ್ಟು ಉಳಿದಿದೆ ಎಂಬುದರ ಜೊತೆಗೆ, ಇಂದು ಎಷ್ಟು ಹೊರಹೋಗಿದೆ ಎಂಬ ಬೇರೆಯೇ ಒಂದು ಲೆಕ್ಕವನ್ನೂ ಬ್ಯಾಂಕು ಇಡುತ್ತದೆ. ಫೋನು ಕಳ್ಳರ ಕೈ ಸೇರಿದರೂ ಖಾತೆ ಒಂದೇ ದಿನದಲ್ಲಿ ಬರಿದಾಗಬಾರದೆಂಬುದು ಇದರ ಉದ್ದೇಶ.

ಮಿತಿ 100 ಎಂದಿಟ್ಟುಕೊಳ್ಳೋಣ. ಬೆಳಗ್ಗೆ 70 ಕಳುಹಿಸಿ ಸಂಜೆ 40 ಕಳುಹಿಸಹೊರಟರೆ ಒಟ್ಟು 110 ಆಗುವುದರಿಂದ, ಆ 40 ಇಡಿಯಾಗಿ ತಿರಸ್ಕೃತವಾಗುತ್ತದೆ. ಮಿತಿಯೊಳಗಿನ 30ನ್ನು ವ್ಯವಸ್ಥೆ ತಾನಾಗಿ ಕಳುಹಿಸುವುದಿಲ್ಲ, ಆದರೆ ನೀವೇ 30 ಎಂದು ನಮೂದಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಆ್ಯಪ್ ಬದಲಿಸಿ ನೋಡುವವರೇ ಹೆಚ್ಚು. ಮಿತಿ ಆ್ಯಪಿನದಾಗಿದ್ದರೆ ಅದು ಫಲಿಸೀತು. ಬ್ಯಾಂಕಿನದಾಗಿದ್ದರೆ, ಲೆಕ್ಕ ಖಾತೆಯ ಮೇಲಿರುವುದರಿಂದ, ಯಾವ ಆ್ಯಪಿನಿಂದಲೂ ಹೋಗದು. ಕೆಲವೆಡೆ ಮೊತ್ತದ ಜೊತೆಗೆ ವಹಿವಾಟುಗಳ ಸಂಖ್ಯೆಗೂ ಮಿತಿಯಿದೆ, ಹೊಸ ಫೋನಿನಲ್ಲಿ ನೋಂದಾಯಿಸಿದ ಆರಂಭದಲ್ಲಿ ಮಿತಿ ಇನ್ನೂ ಕಡಿಮೆಯಿರಬಹುದು.

ಮಿತಿ ಮಧ್ಯರಾತ್ರಿಗೇ ತೆರೆಯುತ್ತದೆ ಎನ್ನುವಂತಿಲ್ಲ: ಕೆಲವು ಬ್ಯಾಂಕುಗಳು ಹಿಂದಿನ 24 ಗಂಟೆಗಳನ್ನು ಲೆಕ್ಕಹಾಕುವುದರಿಂದ, ಬೆಳಗಿನ 70 ಮರುದಿನ ಅದೇ ಹೊತ್ತಿನವರೆಗೂ ಲೆಕ್ಕದಲ್ಲಿರುತ್ತದೆ.