ಅಂಕಿಗಳೆಲ್ಲ ಸರಿ ಇವೆ, ಸಾರಾಂಶ ಕಳಿಸಬಹುದಾ?

ಪ್ರಶ್ನೆ: ಉಡುಪಿಯಲ್ಲಿ ನಡೆದ ಇಲಿ ಜ್ವರದ ತರಬೇತಿಯ ಸ್ಲೈಡ್‌ಗಳನ್ನು ನೋಡಿ ಎರಡು ಪುಟದ ಸಾರಾಂಶ ಬರೆದಿದ್ದೇನೆ. ಅಂಕಿಗಳನ್ನೆಲ್ಲ ತಾಳೆ ನೋಡಿದೆ, ಸರಿ ಇವೆ. ಮೇಲಿನವರಿಗೆ ಕಳಿಸಬಹುದಲ್ಲ?

ಈಗಲೇ ಕಳಿಸಬೇಡಿ. ಇಂಥದೇ ಒಂದು ಸಾರಾಂಶ ತಿದ್ದಲಿಕ್ಕೆಂದು ನನ್ನ ಕೈಗೆ ಬಂದಿತ್ತು. ವಿವರ, ಅಂಕಿ ಬದಲಿಸಿ ಹೇಳುತ್ತೇನೆ. ಹನ್ನೊಂದನೇ ಸ್ಲೈಡಿನಲ್ಲಿ ಇದ್ದದ್ದು: «ಗಂಬೂಟು, ಕೈಗವಸು ವಿತರಣೆ – 120 ಕೃಷಿ ಕಾರ್ಮಿಕರು». ಹನ್ನೆರಡನೆಯದರಲ್ಲಿ: «ಪ್ರಕರಣಗಳು: ಕಳೆದ ವರ್ಷ 14, ಈ ವರ್ಷ 9». ಸಾರಾಂಶದಲ್ಲಿ ಬಂದದ್ದು: «120 ಕಾರ್ಮಿಕರಿಗೆ ಗಂಬೂಟು, ಕೈಗವಸು ಕೊಟ್ಟಿದ್ದರಿಂದ ಪ್ರಕರಣಗಳು 14ರಿಂದ 9ಕ್ಕೆ ಇಳಿದವು».

ಮೂರು ಅಂಕಿಯೂ ಸರಿ. ಆದರೆ ಆ ವಾಕ್ಯ ಯಾವ ಸ್ಲೈಡಿನಲ್ಲೂ ಇಲ್ಲ. ಅದು ಎರಡು ಸ್ಲೈಡಿನ ನಡುವಿನ ಖಾಲಿ ಜಾಗದಲ್ಲಿ ಹುಟ್ಟಿದ್ದು. ಸ್ಲೈಡಿನಲ್ಲಿ ಇರುವುದು ತುಂಡು ಮಾತು, ಕ್ರಿಯಾಪದವೇ ಇರುವುದಿಲ್ಲ. ಸಾರಾಂಶಕ್ಕೆ ಪೂರ್ಣ ವಾಕ್ಯ ಬೇಕು, ಹಾಗಾಗಿ ಬರೆಯುವವರು ಕ್ರಿಯಾಪದವನ್ನೂ ‘ಕೊಟ್ಟಿದ್ದರಿಂದ’, ‘ಹಾಗಾಗಿ’, ‘ಫಲವಾಗಿ’ ಎಂಬ ಕೊಂಡಿಯನ್ನೂ ತಾವೇ ಹಾಕುತ್ತಾರೆ. ಇಲ್ಲದ ಮಾತು ನುಸುಳುವುದು ಅಲ್ಲೇ. ಅಂಕಿಯನ್ನು ಎಷ್ಟು ತಾಳೆ ನೋಡಿದರೂ ಅದು ಸಿಗುವುದಿಲ್ಲ.

ಆ ಒಂದು ಕೊಂಡಿ ಎಷ್ಟು ಸಂಗತಿಗಳನ್ನು ಮುಚ್ಚಿತು ನೋಡಿ. ವಿತರಣೆ ಆಯಿತು ಎಂದರೆ ಹಾಕಿಕೊಂಡರು ಎಂದಲ್ಲ. ನೇಜಿ ನೆಡುವಾಗ ಗಂಬೂಟು ಕೆಸರಲ್ಲಿ ಹೂತುಹೋಗುತ್ತದೆ, ಬರಿಗಾಲಲ್ಲೇ ಇಳಿಯುವವರು ಬಹಳ. ಆ 9 ಜನರಲ್ಲಿ ಗಂಬೂಟು ಪಡೆದವರು ಎಷ್ಟು ಎಂಬುದು ಸ್ಲೈಡಿನಲ್ಲಿಲ್ಲ. ಮಳೆ ಕಡಿಮೆ ಬಂದ ವರ್ಷ ಪ್ರಕರಣ ತಾನಾಗಿಯೇ ಇಳಿಯಬಹುದು. ಅದೇ ಸ್ಲೈಡಿನ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ «ಈ ವರ್ಷ: ಆಗಸ್ಟ್‌ವರೆಗೆ» ಎಂದಿತ್ತು. ನಮ್ಮಲ್ಲಿ ಮಳೆಗಾಲ ಸೆಪ್ಟೆಂಬರ್‌ನಲ್ಲೂ ಇರುತ್ತದೆ. ಇಡೀ ವರ್ಷದ 14ನ್ನು ಆಗಸ್ಟ್‌ವರೆಗಿನ 9ರ ಪಕ್ಕ ಇಟ್ಟರೆ ‘ಇಳಿದವು’ ಎನ್ನುವುದೂ ನಿಲ್ಲುವುದಿಲ್ಲ.

ನೀವು ಸ್ಲೈಡ್ ನೋಡಿ ಸಾರಾಂಶದಲ್ಲಿ ಹುಡುಕಿದ್ದೀರಿ ಅಂತ ಕಾಣುತ್ತದೆ. ಅದರಿಂದ ಬಿಟ್ಟುಹೋದದ್ದು ಗೊತ್ತಾಗುತ್ತದೆ, ಸೇರಿಕೊಂಡದ್ದು ಗೊತ್ತಾಗುವುದಿಲ್ಲ. ತಿರುಗಿಸಿ ಮಾಡಿ. ಸಾರಾಂಶದ ಒಂದೊಂದು ವಾಕ್ಯವನ್ನೂ ಅದರೊಳಗಿನ ಬಿಡಿ ಹೇಳಿಕೆಗಳಾಗಿ ಒಡೆದು ಎಕ್ಸೆಲ್‌ನಲ್ಲಿ ಒಂದೊಂದು ಸಾಲಿಗೆ ಒಂದೊಂದು ಹಾಕಿ. ಮೇಲಿನ ವಾಕ್ಯ ಮೂರಾಗುತ್ತದೆ: 120 ಜನರಿಗೆ ಕೊಟ್ಟರು, 14 ಇದ್ದದ್ದು 9 ಆಯಿತು, ಮೊದಲನೆಯದು ಎರಡನೆಯದಕ್ಕೆ ಕಾರಣ. ಪ್ರತಿ ಸಾಲಿನ ಎದುರು ಸ್ಲೈಡ್ ಸಂಖ್ಯೆ, ಅದರ ಪಕ್ಕ ಸ್ಲೈಡಿನ ಮಾತನ್ನು ಇದ್ದ ಹಾಗೇ ಬರೆಯಿರಿ. ನೆನಪಿನಿಂದ ಬರೆಯಬೇಡಿ, ನೋಡಿ ಬರೆಯಿರಿ. ಮೂರನೇ ಸಾಲಿನ ಎದುರು ಬರೆಯಲಿಕ್ಕೆ ಏನೂ ಸಿಗುವುದಿಲ್ಲ. ‘11 ಮತ್ತು 12’ ಎಂದು ಎರಡು ಸಂಖ್ಯೆ ಹಾಕಬೇಕಾಗಿ ಬಂದ ಸಾಲನ್ನು ವಿಶೇಷವಾಗಿ ಅನುಮಾನಿಸಿ. ಕೊನೆಯ ಪ್ಯಾರಾದಿಂದ ಶುರುಮಾಡಿದರೆ ಒಳ್ಳೆಯದು, ಸ್ವಂತ ಮಾತು ಹೆಚ್ಚು ಸೇರುವುದು ಉಪಸಂಹಾರದಲ್ಲೇ.

‘ಇಲ್ಲ’ ಎಂದು ಬರೆಯುವ ಮೊದಲು ಸ್ಲೈಡನ್ನು ಪೂರ್ತಿ ನೋಡಿದ್ದೀರಾ ಎಂದು ಖಾತ್ರಿ ಮಾಡಿಕೊಳ್ಳಿ. ಚಿತ್ರವಾಗಿ ಅಂಟಿಸಿದ ಕೋಷ್ಟಕದೊಳಗಿನ ಅಕ್ಷರ Ctrl+F ಒತ್ತಿದರೆ ಸಿಗುವುದಿಲ್ಲ, ಕಣ್ಣಲ್ಲೇ ಓದಬೇಕು. ನಿಮ್ಮ ಹತ್ತಿರ ಇರುವುದು ಪಿಡಿಎಫ್ ಆದರೆ ಉಪನ್ಯಾಸಕರ ಟಿಪ್ಪಣಿ ಅದರಲ್ಲಿ ಇಲ್ಲದಿರಬಹುದು. ಮೂಲ ಪವರ್‌ಪಾಯಿಂಟ್ ಕಡತ ಕೇಳಿ ಪಡೆದು View > Notes Page ತೆರೆಯಿರಿ.

ಇನ್ನೊಂದು ಬಗೆಯ ಸಾಲು ಹಿಡಿಯುವುದು ಕಷ್ಟ, ಯಾಕೆಂದರೆ ಅದು ನಿಜವಾಗಿರುತ್ತದೆ. ಸ್ಲೈಡಿನಲ್ಲಿ «ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ, ವಾರಕ್ಕೊಮ್ಮೆ – ಹೆಚ್ಚು ಅಪಾಯದಲ್ಲಿರುವವರಿಗೆ» ಎಂದಿರುತ್ತದೆ. ವಿಷಯ ಗೊತ್ತಿರುವವರು ಬರೆಯುತ್ತಾ «ಗರ್ಭಿಣಿಯರಿಗೆ ಕೊಡಬಾರದು» ಎಂದು ಸೇರಿಸುತ್ತಾರೆ. ಆ ಎಚ್ಚರಿಕೆ ಅಗತ್ಯವೇ, ಆದರೆ ತರಬೇತಿಯ ಸ್ಲೈಡ್ ಹಾಗೆ ಹೇಳಿಲ್ಲ. ಅಳಿಸಬೇಡಿ, ಸಾರಾಂಶದ ಕೆಳಗೆ «ಬರೆದವರ ಸೇರ್ಪಡೆ» ಎಂಬ ತಲೆಬರಹದಲ್ಲಿ, ಎಲ್ಲಿಂದ ತಂದದ್ದು ಎಂಬುದರ ಜೊತೆ ಹಾಕಿ. ‘ಹೆಚ್ಚು ಅಪಾಯದಲ್ಲಿರುವವರಿಗೆ’ ಎಂಬ ಮಾತು ಬಿಟ್ಟುಹೋಗಿ «ವಾರಕ್ಕೊಮ್ಮೆ ತೆಗೆದುಕೊಳ್ಳಬೇಕು» ಎಂದಾಗಿದ್ದರೆ ಮಾತ್ರ ಕೂಡಲೇ ತಿದ್ದಿ. ಮಿತಿ ತೆಗೆದರೆ ಅದು ಬೇರೆಯೇ ಹೇಳಿಕೆ, ಇಲ್ಲಿ ಊರಿಗೆಲ್ಲ ಮಾತ್ರೆ ಎಂದು ಓದಿಸಿಕೊಳ್ಳುತ್ತದೆ.

ಗಂಬೂಟಿನ ವಾಕ್ಯವನ್ನು ಹೀಗೆ ಬಿಡಿಸಿ: «120 ಕೃಷಿ ಕಾರ್ಮಿಕರಿಗೆ ಗಂಬೂಟು, ಕೈಗವಸು ವಿತರಿಸಲಾಗಿದೆ (ಸ್ಲೈಡ್ 11). ದಾಖಲಾದ ಪ್ರಕರಣ ಕಳೆದ ವರ್ಷ 14, ಈ ವರ್ಷ ಆಗಸ್ಟ್‌ವರೆಗೆ 9 (ಸ್ಲೈಡ್ 12).» ಎರಡನ್ನೂ ಒಂದೇ ಪ್ಯಾರಾದಲ್ಲಿ ಇಡಬೇಡಿ, ಪಕ್ಕಪಕ್ಕ ಇದ್ದರೆ ಓದುವವರೇ ಕೊಂಡಿ ಹಾಕಿಕೊಳ್ಳುತ್ತಾರೆ. ಉಪನ್ಯಾಸಕರು ಬಾಯಲ್ಲಿ ಆ ಸಂಬಂಧ ಹೇಳಿದ್ದು ನಿಮಗೆ ನೆನಪಿದ್ದರೆ ಫೋನ್ ಮಾಡಿ ಕೇಳಿ. ಅವರು ಹೌದು ಎಂದರೆ «ಉಪನ್ಯಾಸಕರ ಅಭಿಪ್ರಾಯ, ಸ್ಲೈಡಿನಲ್ಲಿಲ್ಲ» ಎಂದೇ ಬರೆಯಿರಿ.